ಇಂಟರ್ವ್ಯೂನಲ್ಲಿ ಬೇಕೆಂದೇ ಕೆಣಕಿದಾಗ: ಸ್ಟ್ರೆಸ್ ಇಂಟರ್ವ್ಯೂ ಎದುರಿಸುವ ಸಮಗ್ರ ಮಾರ್ಗದರ್ಶಿ

ಮನುಷ್ಯನಿಗೆ ಒತ್ತಡ ಬಂದಾಗ ದೇಹದಲ್ಲಿ ಏನಾಗುತ್ತದೆಂದು ತಿಳಿಯಲು ವಿಜ್ಞಾನಿಗಳಿಗೆ ಮೊದಲು ಒತ್ತಡವನ್ನು ಹುಟ್ಟಿಸುವ ನಂಬಿಕಸ್ತ ವಿಧಾನವೊಂದು ಬೇಕಿತ್ತು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಕಿರ್ಶ್‌ಬಾಮ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಅದು ಬೇರೇನೂ ಅಲ್ಲ, ಒಂದು ನಕಲಿ ಇಂಟರ್ವ್ಯೂ. ಎದುರಿಗೆ ಕೂತವರು ನಗುವುದಿಲ್ಲ, ತಲೆಯಾಡಿಸುವುದಿಲ್ಲ, ಏನೋ ಬರೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ತಾನು ಯಾಕೆ ತಕ್ಕವನು ಎಂದು ಅಭ್ಯರ್ಥಿ ಐದು ನಿಮಿಷ ಮಾತಾಡಬೇಕು. ಆಮೇಲಿನ ಐದು ನಿಮಿಷ ಜೋರಾಗಿ ಲೆಕ್ಕ ಹೇಳಬೇಕು: 1022ರಿಂದ 13 ಕಳೆಯುತ್ತಾ ಹೋಗುವುದು. ತಪ್ಪಿದರೆ ಮತ್ತೆ 1022ರಿಂದ ಶುರು. ಯಾರೂ ಬೈಯುವುದಿಲ್ಲ, ಆದರೂ ಬಹುಪಾಲು ಜನರ ಎದೆಬಡಿತವೂ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನೂ ಏರುತ್ತವೆ.

ಇಂಥ ಪ್ರಯೋಗಗಳ ಬಗೆಗಿನ 208 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಡಿಕರ್ಸನ್ ಮತ್ತು ಕೆಮೆನಿ 2004ರಲ್ಲಿ ತೋರಿಸಿದ್ದು ಇದನ್ನು: ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಭಾವನೆ, ಪರಿಸ್ಥಿತಿ ನಮ್ಮ ಕೈಯಲ್ಲಿಲ್ಲ ಎಂಬ ಭಾವನೆ, ಇವೆರಡೂ ಒಟ್ಟಿಗೆ ಬಂದಾಗ ಕಾರ್ಟಿಸೋಲ್ ಅತಿ ಹೆಚ್ಚು ಏರುತ್ತದೆ. ಸ್ಟ್ರೆಸ್ ಇಂಟರ್ವ್ಯೂ, ಅಂದರೆ ಅಭ್ಯರ್ಥಿಯನ್ನು ಬೇಕೆಂದೇ ಕೆಣಕಿ ನೋಡುವ ಇಂಟರ್ವ್ಯೂ, ಮಾಡುವವರು ಒತ್ತುವುದು ಈ ಎರಡು ಗುಂಡಿಗಳನ್ನೇ. ಮುಖ ಗಂಟಿಕ್ಕಿಕೊಂಡು ಅಳೆಯುತ್ತಾರೆ, ಮಧ್ಯೆ ಬಾಯಿ ಹಾಕಿ ಮಾತಿನ ಹಿಡಿತ ಕಿತ್ತುಕೊಳ್ಳುತ್ತಾರೆ.

ಹಾಗಾಗಿ "ಟೆನ್ಶನ್ ಮಾಡ್ಕೋಬೇಡಿ" ಎಂಬ ಸಲಹೆಯಿಂದ ಉಪಯೋಗವಿಲ್ಲ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅದನ್ನು ತಡೆಯಲು ಹೊರಟರೆ ಗಮನವೆಲ್ಲ ಅಲ್ಲೇ ಖರ್ಚಾಗುತ್ತದೆ. ಹಿಡಿದುಕೊಳ್ಳಬೇಕಾದ ಗುರಿ ಅದಕ್ಕಿಂತ ಚಿಕ್ಕದು: ಎದೆ ಬಡಿಯುತ್ತಿದ್ದರೂ ಕೇಳಿದ ಪ್ರಶ್ನೆಗೇ ಉತ್ತರ ಕೊಡುವುದು. ಈ ಮಾರ್ಗದರ್ಶಿ ಸೇಲ್ಸ್ ಕೆಲಸದ ಇಂಟರ್ವ್ಯೂ ಒಂದನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಬ್ಯಾಂಕ್, ಫೈನಾನ್ಸ್, ಇನ್ಶೂರೆನ್ಸ್ ಸೇಲ್ಸ್‌ಗಳಲ್ಲಿ ಈ ಪದ್ಧತಿ ಸಾಮಾನ್ಯ. ಗಿರಾಕಿ ಬೈದರೂ, ಟಾರ್ಗೆಟ್ ತಪ್ಪಿದ ತಿಂಗಳಲ್ಲಿ ಮ್ಯಾನೇಜರ್ ಕೂಗಾಡಿದರೂ ತಡೆದುಕೊಳ್ಳುತ್ತಾರೋ ಇಲ್ಲವೋ ನೋಡಬೇಕು ಎಂಬುದು ಅವರ ವಾದ. ವಾದ ಎಷ್ಟು ಸರಿ ಎಂಬುದು ಬೇರೆ ಮಾತು. ನಯವಾಗಿ ಕೇಳಿಯೂ ಇದನ್ನೆಲ್ಲ ತಿಳಿಯಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಕುರ್ಚಿಯಲ್ಲಿ ಕೂತಾಗ ಆ ಚರ್ಚೆಗೆ ಹೊತ್ತಿರುವುದಿಲ್ಲ.

ಹಂತ 1: ಎಲ್ಲಿ ಚುಚ್ಚುತ್ತಾರೆಂದು ಮೊದಲೇ ಪಟ್ಟಿ ಮಾಡಿ

ಕೆಣಕುವವರು ಗಾಳಿಯಲ್ಲಿ ಗುಂಡು ಹಾರಿಸುವುದಿಲ್ಲ. ಅವರ ಕೈಯಲ್ಲಿರುವುದು ನಿಮ್ಮ ರೆಸ್ಯೂಮೆ ಒಂದೇ, ಚುಚ್ಚುಮಾತೆಲ್ಲ ಅದರಿಂದಲೇ ಹುಟ್ಟಬೇಕು. ಇಂಟರ್ವ್ಯೂಗೆ ವಾರದ ಮುಂಚೆ ರೆಸ್ಯೂಮೆ ಪ್ರಿಂಟ್ ತೆಗೆದು, ನಿಮ್ಮನ್ನು ಕಂಡರಾಗದವರು ಓದುವ ಹಾಗೆ ಓದಿ. ಕೆಲಸವಿಲ್ಲದೆ ಕೂತ ತಿಂಗಳುಗಳು, ಬೇಗ ಬಿಟ್ಟ ಕೆಲಸ, ಫೇಲಾದ ಸಬ್ಜೆಕ್ಟು, ತಪ್ಪಿದ ಟಾರ್ಗೆಟ್, ಇಂಗ್ಲಿಷ್, ಓದಿದ್ದಕ್ಕೂ ಕೇಳುತ್ತಿರುವ ಕೆಲಸಕ್ಕೂ ಸಂಬಂಧವಿಲ್ಲದಿರುವುದು: ಬಹುಪಾಲು ಜನರಿಗೆ ನಾಲ್ಕೈದು ಜಾಗ ಸಿಗುತ್ತವೆ.

ಈಗ ಪ್ರತಿಯೊಂದಕ್ಕೂ ಅತ್ಯಂತ ಕೆಟ್ಟ ರೀತಿಯ ಪ್ರಶ್ನೆಯನ್ನು ನೀವೇ ಬರೆಯಿರಿ. "ಹಿಂದಿನ ಕೆಲಸ ಏಕೆ ಬಿಟ್ಟಿರಿ?" ಎಂದು ಬರೆದರೆ ಸಾಲದು. "ಹನ್ನೊಂದೇ ತಿಂಗಳಿಗೆ ಓಡಿ ಬಂದ್ರಲ್ರೀ, ಇಲ್ಲಿಂದ ಯಾವಾಗ ಓಡ್ತೀರಿ?" ಎಂದು ಬರೆಯಿರಿ. ಮನೆಯಲ್ಲಿ ಹತ್ತು ಸಲ ಓದಿಕೊಂಡ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಅಷ್ಟು ನಾಟುವುದಿಲ್ಲ.

ಉತ್ತರಕ್ಕೆ ಮೂರು ಭಾಗ ಸಾಕು. ಮೊದಲು, ನಿಜವನ್ನು ಸಂಖ್ಯೆಯ ಸಮೇತ ಒಪ್ಪಿಕೊಳ್ಳುವುದು. ಆಮೇಲೆ ಕಾರಣ, ಒಂದೇ ವಾಕ್ಯದಲ್ಲಿ. ಕೊನೆಗೆ, ಅದಾದ ಮೇಲೆ ಏನು ಬದಲಾಯಿತು ಎಂಬುದು, ಇದೂ ಪರಿಶೀಲಿಸಬಹುದಾದ ವಿವರದೊಂದಿಗೆ. ಇಡೀ ಉತ್ತರ 20ರಿಂದ 30 ಸೆಕೆಂಡು, ಅದಕ್ಕಿಂತ ಉದ್ದ ಬೇಡ. ಒತ್ತಡದಲ್ಲಿ ಉದ್ದ ಉತ್ತರ ಕೊಟ್ಟವರು ಹೆಚ್ಚಾಗಿ ಕೊನೆಯ ಹತ್ತು ಸೆಕೆಂಡಿನಲ್ಲೇ ಬೇಡದ್ದನ್ನು ಹೇಳಿಬಿಡುವುದು.

ಉತ್ತರವನ್ನು ಪೂರ್ತಿ ಬರೆದು ಬಾಯಿಪಾಠ ಮಾಡಬೇಡಿ. ಮಧ್ಯದಲ್ಲಿ ತಡೆದರೆ ಬಾಯಿಪಾಠ ಅಲ್ಲೇ ಕಡಿದುಹೋಗುತ್ತದೆ, ತಡೆಯುವುದೇ ಅವರ ಕೆಲಸ. ಮೊದಲ ವಾಕ್ಯ ಮತ್ತು ಸಂಖ್ಯೆಗಳು ನಾಲಿಗೆ ತುದಿಯಲ್ಲಿದ್ದರೆ ಸಾಕು.

ಹಂತ 2: ನಗದ ಮುಖದ ಎದುರು ಅಭ್ಯಾಸ

ಕನ್ನಡಿ ಮುಂದಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಕನ್ನಡಿ ಮಧ್ಯೆ ಬಾಯಿ ಹಾಕುವುದಿಲ್ಲ. ಇಬ್ಬರು ಸ್ನೇಹಿತರನ್ನು ಕೂರಿಸಿಕೊಳ್ಳಿ. ತೀರಾ ಹತ್ತಿರದವರು ಬೇಡ, ಅವರು ಎರಡನೇ ನಿಮಿಷಕ್ಕೇ ನಕ್ಕುಬಿಡುತ್ತಾರೆ. ಕಾಲೇಜಿನ ಪ್ಲೇಸ್‌ಮೆಂಟ್ ಸೀನಿಯರ್ ಅಥವಾ ಪರಿಚಯದ ಮ್ಯಾನೇಜರ್ ಸಿಕ್ಕರೆ ಒಳ್ಳೆಯದು. ಅವರಿಗೆ ನಿಮ್ಮ ಪಟ್ಟಿ ಕೊಟ್ಟು ಮೂರು ನಿಯಮ ಹೇಳಿ: ತಲೆಯಾಡಿಸಬೇಡಿ, "ಗುಡ್" ಎನ್ನಬೇಡಿ, ನಾನು ಮುಗಿಸುವ ಮುಂಚೆ ಮಧ್ಯೆ ಮಾತಾಡಿ.

ಮೊದಲ ಸಲ ಬರೀ ನಗದ ಮುಖ ಸಾಕು, ಪ್ರಶ್ನೆಗಳು ಸಾಮಾನ್ಯವಾಗಿರಲಿ. ಎರಡನೇ ಸಲ ಮಧ್ಯೆ ತಡೆಯುವುದನ್ನು ಸೇರಿಸಿ. ಮೂರನೇ ಸಲ ಚುಚ್ಚುಪಟ್ಟಿ, ಕೊನೆಗೆ 1022ರ ಲೆಕ್ಕ. 1009, 996, 983, 970, 957... ಎಂದು ಹೋಗಬೇಕು. ತಪ್ಪಿದ ತಕ್ಷಣ ಅವರು "ತಪ್ಪು, 1022ರಿಂದ" ಎನ್ನಬೇಕು, ಅಷ್ಟೇ, ಸಮಾಧಾನ ಹೇಳಬಾರದು. ಈ ಲೆಕ್ಕವನ್ನು ನಿಜವಾದ ಇಂಟರ್ವ್ಯೂನಲ್ಲಿ ಯಾರೂ ಕೇಳಲಿಕ್ಕಿಲ್ಲ. ಎಲ್ಲರ ಎದುರು ತಪ್ಪಿ, ಮುಖ ಬಿಸಿಯಾಗಿ, ಆ ಬಿಸಿಯಲ್ಲೇ ಮತ್ತೆ ಶುರು ಮಾಡುವ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಸಾಧನ ಇಲ್ಲ. ಟ್ರಿಯರ್ ಪರೀಕ್ಷೆಯನ್ನೇ ಮತ್ತೆ ಮತ್ತೆ ಎದುರಿಸಿದವರಲ್ಲಿ ಹಲವರ ಕಾರ್ಟಿಸೋಲ್ ಏರಿಕೆ ಎರಡನೇ ದಿನದಿಂದಲೇ ತಗ್ಗಿದ್ದು ಕಂಡಿದೆ. ಎಲ್ಲರಲ್ಲೂ ತಗ್ಗುವುದಿಲ್ಲ ಎಂಬುದೂ ನಿಜ. ಮೂರು ಸಲ ಮಾಡಿದರೂ ಕೈ ನಡುಗುತ್ತಿದ್ದರೆ ಗಾಬರಿ ಬೇಡ, ನಡುಗುವ ಕೈಯಲ್ಲೂ ಉತ್ತರ ಸರಿಯಿದೆಯೇ ಎಂಬುದನ್ನಷ್ಟೇ ನೋಡಿ.

ಪ್ರತಿ ಸಲವೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಗಮನಿಸಬೇಕಾದದ್ದು ಎರಡು. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಶುರು ಮಾಡುತ್ತಿದ್ದೀರಾ? ಎಷ್ಟು ಸಲ "ಸಾರಿ ಸರ್" ಎಂದಿರಿ? ಹೆದರಿದವರಲ್ಲಿ ಇವೆರಡೂ ತಮಗೆ ಗೊತ್ತಿಲ್ಲದೆಯೇ ಹೆಚ್ಚುತ್ತವೆ.

ಹಂತ 3: ಒಳಗೆ ಕರೆಯುವ ಮುಂಚೆ

ಹತ್ತೂವರೆಗೆ ಬನ್ನಿ ಎಂದು ಹನ್ನೆರಡರವರೆಗೆ ಕೂರಿಸುವುದೂ ಕೆಲವು ಕಡೆ ಪರೀಕ್ಷೆಯ ಭಾಗ. ಕೆಲವು ಕಡೆ ಬರೀ ಅವ್ಯವಸ್ಥೆ. ಯಾವುದೆಂದು ನಿಮಗೆ ಹೇಗೂ ತಿಳಿಯದು, ಹಾಗಾಗಿ ಆ ದಿನದ ಮಧ್ಯಾಹ್ನ ಖಾಲಿ ಇಟ್ಟುಕೊಂಡೇ ಹೋಗಿ. ಎರಡು ಗಂಟೆಗೆ ಇನ್ನೊಂದು ಇಂಟರ್ವ್ಯೂ ಇಟ್ಟುಕೊಂಡವರು ಗಡಿಯಾರ ನೋಡುತ್ತಲೇ ಸೋಲುತ್ತಾರೆ. ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಕಾಫಿ ದಿನ ಕುಡಿಯುವಷ್ಟೇ ಕುಡಿಯಿರಿ. ಕಾಯುವಾಗ ಬೇಜಾರಿಗೆಂದು ಕುಡಿಯುವ ಮೂರನೇ ಕಪ್ಪು ಒಳಗೆ ಹೋದಾಗ ನಡುಕವಾಗಿ ಕಾಣಿಸಿಕೊಳ್ಳುತ್ತದೆ.

ಕೂತಲ್ಲೇ ಮಾಡಬಹುದಾದದ್ದು ಉಸಿರಾಟ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಐದು ನಿಮಿಷ ಮಾಡಿ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಹೊರ ಉಸಿರನ್ನು ಉದ್ದ ಮಾಡುವುದು ಅದಕ್ಕೇ. ಇಲ್ಲಿ ಹೆಚ್ಚಿನವರು ಎಡವುವುದು "ದೀರ್ಘವಾಗಿ ಉಸಿರಾಡಿ" ಎಂಬುದನ್ನು ಎದೆ ತುಂಬಾ ಜೋರಾಗಿ ಎಳೆಯುವುದು ಎಂದುಕೊಂಡು. ಹಾಗೆ ಬೇಗ ಬೇಗ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತಗ್ಗಿ, ತಲೆ ಸುತ್ತಿ, ಬೆರಳ ತುದಿ ಜುಮ್ಮೆನ್ನುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ಪಕ್ಕದಲ್ಲಿ ಕೂತವರಿಗೆ ಕೇಳಿಸದಷ್ಟು ಮೆಲ್ಲನೆ ಇರಲಿ.

ಹಂತ 4: ಚುಚ್ಚುಮಾತು ಬಂದ ಆ ಮೂರು ಸೆಕೆಂಡು

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಅವಮಾನದ ಮಾತು ಕಿವಿಗೆ ಬಿದ್ದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಜಗಳಕ್ಕೋ ಸಮಜಾಯಿಷಿಗೋ. ಆ ಹೊತ್ತಿಗೆ ಮಾಡಬೇಕಾದ್ದು ಹೀಗೆ.

ಅವರ ಮಾತು ಪೂರ್ತಿ ಮುಗಿಯಲಿ. ಮುಗಿದ ಮೇಲೆ ಬಾಯಿ ತೆರೆಯದೆ ಒಂದು ಉಸಿರು ಹೊರಗೆ ಬಿಡಿ. ಎರಡು ಮೂರು ಸೆಕೆಂಡು ಆಗುತ್ತದೆ. ನಿಮಗೆ ಅದು ಯುಗದಂತೆ ಅನಿಸಿದರೂ ಎದುರಿನವರಿಗೆ ಯೋಚಿಸುತ್ತಿರುವಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಮನಸ್ಸಿನೊಳಗೆ ಒಂದೇ ಕೆಲಸ: ಮಾತಿನ ಮುಳ್ಳು ತೆಗೆದುಹಾಕಿ ಒಳಗಿರುವ ಪ್ರಶ್ನೆಯನ್ನು ಹುಡುಕುವುದು. ಆಮೇಲೆ ಆ ಪ್ರಶ್ನೆಗೆ ಮಾತ್ರ ಉತ್ತರ, ಮೊದಲ ವಾಕ್ಯದಲ್ಲೇ.

ಮುಖವನ್ನು ಕಲ್ಲು ಮಾಡಿಕೊಂಡು ಕೋಪವನ್ನು ಒಳಗೇ ಅದುಮಿಟ್ಟರೆ ಆಗದೇ? ಆಗುತ್ತದೆ, ಆದರೆ ಅದಕ್ಕೆ ಬೆಲೆ ತೆರಬೇಕು. ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಕೊಂಡವರಿಗೆ ಆ ಹೊತ್ತಿನಲ್ಲಿ ಕೇಳಿಸಿಕೊಂಡದ್ದು ಕಡಿಮೆ ನೆನಪಿರುತ್ತದೆ ಎಂದು ಜೇಮ್ಸ್ ಗ್ರಾಸ್ ಮತ್ತು ಜೇನ್ ರಿಚರ್ಡ್ಸ್ ಅವರ ಪ್ರಯೋಗಗಳು ತೋರಿಸಿವೆ. ನಡೆಯುತ್ತಿರುವುದನ್ನು ಬೇರೆ ಅರ್ಥದಲ್ಲಿ ನೋಡಿದವರಿಗೆ ಆ ನಷ್ಟವಿರಲಿಲ್ಲ. ಮುಖ ಕಾಯುವುದರಲ್ಲೇ ತಲೆ ಖರ್ಚಾದರೆ ಪ್ರಶ್ನೆ ಅರ್ಧ ಕೇಳಿಸುತ್ತದೆ. ಒಳಗಿನ ಪ್ರಶ್ನೆ ಹುಡುಕುವ ಕೆಲಸ ಕೊಟ್ಟರೆ ತಲೆಗೆ ಮಾಡಲು ಬೇರೆ ಏನೋ ಸಿಗುತ್ತದೆ, ಮುಖ ತಾನಾಗಿ ಸಡಿಲಾಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಅಭ್ಯರ್ಥಿ ಹುಬ್ಬಳ್ಳಿಯ ಫೈನಾನ್ಸ್ ಕಂಪನಿಯೊಂದರಲ್ಲಿ ಬೈಕ್ ಸಾಲದ ಕೆಲಸ ಮಾಡಿದ್ದಾರೆ, 11 ತಿಂಗಳು. ಟಾರ್ಗೆಟ್ ತಿಂಗಳಿಗೆ 20 ಸಾಲದ ಫೈಲು, ಅಂದರೆ ಮೂರು ತಿಂಗಳಿಗೆ 60. ಮೊದಲ ಕ್ವಾರ್ಟರ್‌ನಲ್ಲಿ 37, ಎರಡನೆಯದರಲ್ಲಿ 49, ಮೂರನೆಯದರಲ್ಲಿ 58. ಆಮೇಲೆ ಬೈಕ್ ಸಾಲದ ವಿಭಾಗವನ್ನು ಬೆಳಗಾವಿಗೆ ಸ್ಥಳಾಂತರಿಸಿದರು, ಇವರು ಕೆಲಸ ಬಿಟ್ಟರು. ಈಗ ಬೆಂಗಳೂರಿನಲ್ಲಿ ಗೃಹಸಾಲದ ಸೇಲ್ಸ್ ಕೆಲಸಕ್ಕೆ ಬಂದಿದ್ದಾರೆ. ಎದುರಿಗೆ ಇಬ್ಬರು: ಏರಿಯಾ ಮ್ಯಾನೇಜರ್, ಲ್ಯಾಪ್‌ಟಾಪ್ ನೋಡುತ್ತಾ ಕೂತ ಎಚ್‌ಆರ್.

ಮ್ಯಾನೇಜರ್ ರೆಸ್ಯೂಮೆಯನ್ನು ಮೇಜಿನ ಮೇಲೆ ಎಸೆಯುತ್ತಾರೆ. "ಮೂರು ತಿಂಗಳಿಗೆ 37 ಫೈಲಾ? ನಮ್ಮ ಸೆಕ್ಯುರಿಟಿಯವನನ್ನ ಕಳಿಸಿದ್ರೂ ಅಷ್ಟು ತರ್ತಾನಲ್ರೀ."

ಹೆದರಿದ ಬಾಯಿ ಹೇಳುವುದು: "ಇಲ್ಲ ಸರ್, ಆಗ ಮಾರ್ಕೆಟ್ ಡಲ್ ಇತ್ತು ಸರ್, ನಾನು ಹೊಸಬ ಬೇರೆ, ಮ್ಯಾನೇಜರ್ ಸಪೋರ್ಟೂ ಇರಲಿಲ್ಲ ಸರ್." ಇಲ್ಲಿ ಮೂರು ನೆಪಗಳಿವೆ, ಮೂರೂ ಎದುರಿನವರಿಗೆ ಹೊಸ ಹಿಡಿಗಳು. ಮಾರ್ಕೆಟ್ ಡಲ್ಲಾದರೆ ಉಳಿದವರು ಹೇಗೆ ಮಾಡಿದರು ಎಂದು ಒಂದು ಪ್ರಶ್ನೆ, ಹಳೆಯ ಬಾಸನ್ನು ದೂರುವವರು ನಾಳೆ ನನ್ನನ್ನೂ ದೂರುತ್ತೀರಲ್ಲ ಎಂದು ಇನ್ನೊಂದು. ಐದು ನಿಮಿಷದ ಜಗಳಕ್ಕೆ ಸರಕು ನೀವೇ ಒದಗಿಸಿದಂತಾಯಿತು.

ಮುಳ್ಳು ತೆಗೆದರೆ ಉಳಿಯುವ ಪ್ರಶ್ನೆ: ಮೊದಲ ಕ್ವಾರ್ಟರ್ ಯಾಕೆ ಕಡಿಮೆ? ಸೆಕ್ಯುರಿಟಿಯವರ ಮಾತಿಗೆ ಉತ್ತರವೇ ಬೇಡ.

"ಹೌದು ಸರ್, 60ಕ್ಕೆ 37. ಮೊದಲ ಮೂರು ತಿಂಗಳು ಶೋರೂಮಿಗೆ ತಾವಾಗಿ ಬರೋ ಗಿರಾಕಿಗಳನ್ನೇ ನಂಬಿಕೊಂಡಿದ್ದೆ. ಆಮೇಲೆ ನಾಲ್ಕು ಸಬ್‌ಡೀಲರ್‌ಗಳ ಹತ್ತಿರ ವಾರಕ್ಕೆ ಎರಡು ಸಲ ಹೋಗೋಕೆ ಶುರು ಮಾಡಿದೆ. ಮುಂದಿನ ಕ್ವಾರ್ಟರ್ 49, ಅದರ ಮುಂದಿನದು 58."

"58 ಅಂದ್ರೂ ಟಾರ್ಗೆಟ್ ಮುಟ್ಟಲಿಲ್ಲವಲ್ಲ."

"ಮುಟ್ಟಲಿಲ್ಲ ಸರ್. ಎರಡು ಫೈಲ್ ಕಡಿಮೆ."

ಇಲ್ಲಿ ನಿಲ್ಲಿಸಬೇಕು. ಮ್ಯಾನೇಜರ್ ಏನೂ ಹೇಳದೆ ನೋಡುತ್ತಾ ಕೂರುತ್ತಾರೆ. ಮೌನವೂ ಅವರ ಕೈಯಲ್ಲಿರುವ ಸಾಧನ. "ಆದ್ರೆ ಸರ್..." ಎಂದು ಸೇರಿಸಿದರೆ ಕೊಟ್ಟ ಒಳ್ಳೆಯ ಉತ್ತರವನ್ನು ನೀವೇ ಹಾಳು ಮಾಡಿದ ಹಾಗೆ. ಕೈ ತೊಡೆಯ ಮೇಲಿರಲಿ, ನೋಟ ಅವರ ಹುಬ್ಬಿನ ಹತ್ತಿರ ಇರಲಿ, ಮನಸ್ಸಿನಲ್ಲಿ ಎರಡು ಉಸಿರು ಎಣಿಸಿ. ಅಷ್ಟರಲ್ಲಿ ಅವರೇ ಮುಂದುವರಿಸದಿದ್ದರೆ "ಇದರ ಬಗ್ಗೆ ಇನ್ನೇನಾದರೂ ವಿವರ ಬೇಕಿದ್ರೆ ಹೇಳ್ತೀನಿ ಸರ್" ಎಂದರೆ ಆಯಿತು.

"ಹನ್ನೊಂದು ತಿಂಗಳಿಗೇ ಓಡಿ ಬಂದ್ರಿ. ಬೆಳಗಾವಿಗೆ ಹೋಗಕ್ಕೆ ಆಗದವರು ಇಲ್ಲಿ ಏನು ಉದ್ಧಾರ ಮಾಡ್ತೀರಿ?"

ಇಲ್ಲಿ ಎರಡು ಮಾತಿವೆ: ಯಾಕೆ ಬಿಟ್ಟಿರಿ, ವರ್ಗ ಮಾಡಿದರೆ ಹೋಗುತ್ತೀರಾ. "ವಿಭಾಗ ಬೆಳಗಾವಿಗೆ ಹೋಯ್ತು ಸರ್, ಆ ವರ್ಷ ತಂದೆಯವರ ಚಿಕಿತ್ಸೆ ಹುಬ್ಬಳ್ಳಿಯಲ್ಲೇ ಇದ್ದಿದ್ದರಿಂದ ಹೋಗಲಿಲ್ಲ. ಈಗ ಅದು ಮುಗಿದಿದೆ. ಕರ್ನಾಟಕದ ಯಾವ ಬ್ರಾಂಚಿಗೆ ಹಾಕಿದರೂ ಹೋಗ್ತೀನಿ." ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳಿ. ಒತ್ತಡದಲ್ಲಿ ಕೊಟ್ಟ ಮಾತೂ ಆಫರ್ ಲೆಟರಿನಲ್ಲಿ ಷರತ್ತಾಗಿ ಬರಬಹುದು.

ಎಚ್‌ಆರ್ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳುತ್ತಾರೆ: "ನಿಮ್ಮ ಇಂಗ್ಲಿಷ್ ಇಷ್ಟೇನಾ? ಕಸ್ಟಮರ್ ಹತ್ರ ಹೇಗೆ ಮಾತಾಡ್ತೀರಿ?" ಕನ್ನಡ ಮಾಧ್ಯಮದಿಂದ ಬಂದವರಿಗೆ ಅತಿ ಹೆಚ್ಚು ನಾಟುವ ಮಾತು ಇದು. ನಾಟಿದಾಗ ಎರಡು ತಪ್ಪು ಆಗುತ್ತವೆ: ನಾಚಿಕೆಯಿಂದ ಧ್ವನಿ ಇಳಿದು ಕೇಳಿಸದಂತಾಗುವುದು, ಇಲ್ಲವೇ ಅವರಿಗೆ ತೋರಿಸಲೆಂದು ಉದ್ದುದ್ದ ಇಂಗ್ಲಿಷ್ ವಾಕ್ಯ ಹೆಣೆಯಲು ಹೋಗಿ ಮಧ್ಯದಲ್ಲಿ ಸಿಕ್ಕಿಬೀಳುವುದು. ಚಿಕ್ಕ ವಾಕ್ಯಗಳಿಗೆ ಇಳಿಯಿರಿ, ಇಂಗ್ಲಿಷಿನಲ್ಲಾದರೂ ಸರಿ. ಹೇಳಬೇಕಾದದ್ದು ಇಷ್ಟೇ: ಇಂಗ್ಲಿಷ್ ಇನ್ನೂ ಸುಧಾರಿಸಬೇಕು ಎಂದು ಗೊತ್ತಿದೆ, ಗಿರಾಕಿಗಳ ಜೊತೆ ಕನ್ನಡ, ಹಿಂದಿಯಲ್ಲಿ ಮಾತಾಡುತ್ತೇನೆ, ಸಾಲದ ಅರ್ಜಿ ಮತ್ತು ಮೇಲ್‌ಗಳನ್ನು ಇಂಗ್ಲಿಷಿನಲ್ಲೇ ಮಾಡಿದ್ದೇನೆ.

ಕೆಲವು ವಿಶೇಷ ಪೆಟ್ಟುಗಳು

"ನಿಮಗೆ ಈ ಕೆಲಸ ಆಗಲ್ಲ ಬಿಡಿ" ಎಂಬುದು ಪ್ರಶ್ನೆಯಲ್ಲ, ತೀರ್ಪಿನ ವೇಷ ಹಾಕಿದ ಮಾತು. ಇದಕ್ಕೆ ವಾದಕ್ಕಿಳಿಯಬೇಡಿ, ಎದ್ದೂ ಹೋಗಬೇಡಿ. "ಯಾವ ವಿಷಯದಲ್ಲಿ ನಿಮಗೆ ಅನುಮಾನ ಇದೆ ಸರ್? ಅದಕ್ಕೆ ಉತ್ತರ ಕೊಡ್ತೀನಿ" ಎಂದು ಕೇಳಿ. ಹೀಗೆ ತಿರುಗಿ ಕೇಳುವುದು ಇಡೀ ಇಂಟರ್ವ್ಯೂನಲ್ಲಿ ಒಂದು ಸಲ ಚೆನ್ನ, ಮೂರು ಸಲ ಮಾಡಿದರೆ ತಲೆಹರಟೆ ಎನಿಸುತ್ತದೆ.

ಮಧ್ಯೆ ತಡೆದಾಗ ಅವರ ಮೇಲೆ ಮಾತಾಡಬೇಡಿ. ಬಾಯಿ ಮುಚ್ಚಿ, ಅವರ ಹೊಸ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು, ಬಿಟ್ಟುಹೋದದ್ದು ನಿಜಕ್ಕೂ ಮುಖ್ಯವಾಗಿದ್ದರೆ ಮಾತ್ರ "ಹಿಂದಿನ ಪ್ರಶ್ನೆಗೆ ಒಂದು ಮಾತು ಬಾಕಿ ಇತ್ತು" ಎಂದು ಸೇರಿಸಿ. ಇಬ್ಬರೂ ಒಟ್ಟಿಗೆ ಕೇಳಿದರೆ ಕ್ರಮ ನೀವು ಹಾಕಿ: "ಮೊದಲು ಸರ್ ಕೇಳಿದ್ದಕ್ಕೆ, ಆಮೇಲೆ ಮೇಡಂ ಪ್ರಶ್ನೆಗೆ ಬರ್ತೀನಿ." ಹಿಡಿತ ಕಳೆದುಹೋಗುತ್ತಿದೆ ಎಂಬ ಭಾವನೆಯೇ ಒತ್ತಡದ ಅರ್ಧ ಎಂದೆವಲ್ಲ, ಕ್ರಮ ಹಾಕುವ ಆ ಒಂದು ವಾಕ್ಯ ಸ್ವಲ್ಪ ಹಿಡಿತವನ್ನು ವಾಪಸು ತರುತ್ತದೆ.

ಗೊತ್ತಿಲ್ಲದ್ದನ್ನು ಕೇಳಿದಾಗ "ಗೊತ್ತಿಲ್ಲ ಸರ್" ಎಂದು ಒಂದೇ ಸಲ, ಸ್ಪಷ್ಟವಾಗಿ ಹೇಳಿ. ಊಹೆ ಮಾಡಿ ಸಿಕ್ಕಿಬಿದ್ದವರನ್ನು ಅದೇ ಎಳೆ ಹಿಡಿದು ಹತ್ತು ನಿಮಿಷ ಜಗ್ಗುವುದು ಇಲ್ಲಿ ಮಾಮೂಲು.

ಜಾರಿದರೆ ಹೇಗೆ ಎದ್ದುಕೊಳ್ಳುವುದು

ಇಷ್ಟೆಲ್ಲ ಆದರೂ ಒಂದೊಂದು ಸಲ ತಲೆ ಖಾಲಿಯಾಗುತ್ತದೆ. ಅದರ ಮುನ್ಸೂಚನೆಗಳು ಗುರುತು ಸಿಗುತ್ತವೆ: ಪ್ರಶ್ನೆಯ ಕೊನೆಯ ಪದಗಳು ಮಾತ್ರ ಕೇಳಿಸುವುದು, ಹೇಳಿದ್ದನ್ನೇ ಹೇಳುವುದು, ಬಾಯಿ ಒಣಗುವುದು. ಆಗ ಮೇಜಿನ ಮೇಲೆ ನೀರಿದ್ದರೆ ಕುಡಿಯಿರಿ, ಇಲ್ಲದಿದ್ದರೆ ಕೇಳಿ. ನೀರು ಕುಡಿಯುವುದು ಯಾರೂ ಆಕ್ಷೇಪಿಸಲಾಗದ ಹತ್ತು ಸೆಕೆಂಡು. "ಪ್ರಶ್ನೆಯನ್ನು ಇನ್ನೊಂದು ಸಲ ಹೇಳ್ತೀರಾ ಸರ್?" ಎಂದು ಕೇಳುವುದೂ ತಪ್ಪಲ್ಲ. ಪಾದಗಳೆರಡನ್ನೂ ನೆಲಕ್ಕೆ ಪೂರ್ತಿ ಊರಿ ಕೂತರೆ ಕಾಲು ಅಲ್ಲಾಡುವುದು ನಿಲ್ಲುತ್ತದೆ.

ಧ್ವನಿ ಏರಿಬಿಟ್ಟರೆ, ಏರಿತು ಎಂದು ಗೊತ್ತಾದ ಕೂಡಲೇ ನಿಲ್ಲಿಸಿ "ಕ್ಷಮಿಸಿ, ಸಮಾಧಾನವಾಗಿ ಹೇಳ್ತೀನಿ" ಎಂದು ಉತ್ತರವನ್ನು ಮೊದಲಿಂದ ಹೇಳಿ. ಪ್ಯಾನೆಲ್‌ನಲ್ಲಿ ಅನುಭವಸ್ಥರಿದ್ದರೆ ಅವರಿಗೆ ಜಾರಿದ್ದಕ್ಕಿಂತ ಜಾರಿದ ಮೇಲಿನ ಮುಂದಿನ ಉತ್ತರ ಹೇಗಿತ್ತು ಎಂಬುದು ಮುಖ್ಯ. ಕಣ್ಣೀರು ಬಂದರೂ ಹಾಗೇ. ಒಂದು ನಿಮಿಷ ಕೇಳಿಕೊಂಡು, ಒರೆಸಿಕೊಂಡು, ಬಾಕಿ ಪ್ರಶ್ನೆಗೇ ಬನ್ನಿ. ಯಾಕೆ ಅಳು ಬಂತೆಂದು ವಿವರಿಸಲು ಹೋಗಬೇಡಿ, ವಿವರಣೆ ಶುರುವಾದರೆ ಅಳು ಹೆಚ್ಚುತ್ತದೆ.

ಒಳ್ಳೆಯವರ ಸರದಿ ಬಂದಾಗ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ತನ್ನ ಅಭ್ಯರ್ಥಿಗಳಿಗೆ ಒಂದು ಸ್ಟ್ರೆಸ್ ಇಂಟರ್ವ್ಯೂ ಮಾಡುತ್ತಿತ್ತು. ಸರ್ಕಾರಿ ಕಟ್ಟಡದಲ್ಲಿ ರಾತ್ರಿ ಗುಪ್ತ ಕಡತ ನೋಡುತ್ತಾ ಸಿಕ್ಕಿಬಿದ್ದಿದ್ದೀರಿ ಎಂದು ಹೇಳಿ, ಅದಕ್ಕೊಂದು ಸುಳ್ಳು ಕಾರಣ ಕಟ್ಟಲು 12 ನಿಮಿಷ ಕೊಟ್ಟು, ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ಗದರಿಸುತ್ತಾ ವಿಚಾರಣೆ. ಕೊನೆಗೆ, ಹೇಗೇ ಮಾಡಿರಲಿ, "ನೀವು ಫೇಲ್" ಎನ್ನುತ್ತಿದ್ದರು. ಪರೀಕ್ಷೆ ಅಲ್ಲಿಗೂ ಮುಗಿಯುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಪ್ರೀತಿಯಿಂದ ಕೂರಿಸಿ, ಸಿಗರೇಟು ಕೊಟ್ಟು, ಹೇಗಿತ್ತು ಎಂದು ಸುಖದುಃಖ ಕೇಳುತ್ತಿದ್ದರು. ಗದರಿಕೆಯನ್ನು ತಡೆದುಕೊಂಡವರಲ್ಲೂ ಕೆಲವರು ಇಲ್ಲಿ ಗುಟ್ಟು ಬಿಟ್ಟುಕೊಟ್ಟರು.

ಆಫೀಸುಗಳಲ್ಲಿ ಇದರ ಸಣ್ಣ ರೂಪ ಈಗಲೂ ಇದೆ. ಮ್ಯಾನೇಜರ್ ಎದ್ದು ಹೋದ ಮೇಲೆ ಎಚ್‌ಆರ್ ಕಾಫಿ ತರಿಸಿ, "ಸ್ವಲ್ಪ ಖಡಕ್ ಅವರು, ತಪ್ಪು ತಿಳ್ಕೋಬೇಡಿ. ನಿಮಗೇನನ್ನಿಸ್ತು?" ಎನ್ನುತ್ತಾರೆ. ಬಿಗಿದುಕೊಂಡಿದ್ದ ದೇಹ ಸಡಿಲಾಗುವ ಹೊತ್ತು ಅದು, ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬರುವ ಹೊತ್ತೂ ಹೌದು. "ಪ್ರಶ್ನೆಗಳು ನೇರವಾಗಿದ್ದವು, ಉತ್ತರ ಕೊಟ್ಟಿದ್ದೀನಿ. ಈ ಕೆಲಸದ ಬಗ್ಗೆ ನನಗೂ ಒಂದೆರಡು ಪ್ರಶ್ನೆ ಇವೆ" ಎಂದು ವಿಷಯಕ್ಕೆ ಬನ್ನಿ. ಲಿಫ್ಟ್ ಇಳಿದು ಗೇಟು ದಾಟುವವರೆಗೂ ಇಂಟರ್ವ್ಯೂ ನಡೆಯುತ್ತಿದೆ ಎಂದೇ ಇಟ್ಟುಕೊಳ್ಳಿ. ಗೇಟಿನೊಳಗೆ ನಿಂತು ಮನೆಗೆ ಫೋನ್ ಮಾಡಿ ಬೈದುಕೊಳ್ಳುವುದೂ ಬೇಡ.

ಗೆರೆ ಎಲ್ಲಿದೆ

ಕೆಲಸದ ಬಗ್ಗೆ ಎಷ್ಟು ಒರಟಾಗಿ ಕೇಳಿದರೂ ಅದನ್ನು ಒತ್ತಡ ಎನ್ನಬಹುದು. ನಿಮ್ಮ ಜಾತಿ, ದೇಹ, ಮದುವೆ, ಬಸಿರು, ಮನೆಯವರ ನಡತೆ ಇವುಗಳ ಬಗ್ಗೆ ಕೆಣಕುವುದರಿಂದ ಟಾರ್ಗೆಟ್ ಒತ್ತಡ ತಡೆಯುತ್ತೀರಾ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ತಾಳ್ಮೆ ತೋರಿಸುವ ಹಂಗು ನಿಮಗಿಲ್ಲ. ಮೊದಲ ಸಲ ಶಾಂತವಾಗಿ ಹೇಳಿ: "ಇದು ಕೆಲಸಕ್ಕೆ ಸಂಬಂಧಪಟ್ಟಿದ್ದಲ್ಲ ಸರ್, ಇದಕ್ಕೆ ಉತ್ತರ ಕೊಡಲ್ಲ. ಬೇರೆ ಪ್ರಶ್ನೆ ಇದ್ದರೆ ಕೇಳಿ." ಮತ್ತೆ ಅದೇ ಬಂದರೆ "ಇಂಟರ್ವ್ಯೂ ಇಲ್ಲಿಗೆ ನಿಲ್ಲಿಸೋಣ" ಎಂದು ಎದ್ದು ಬನ್ನಿ. ಬಾಗಿಲಲ್ಲಿ ನಿಂತು ಕೊನೆಯ ಮಾತು ಆಡುವ ಆಸೆ ಬಿಡಿ.

ಮಾತು ಲೈಂಗಿಕ ಸ್ವರೂಪದ್ದಾಗಿದ್ದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಜನರ ಬಾಯಲ್ಲಿ ಪಾಶ್ ಕಾಯ್ದೆ, ಅನ್ವಯಿಸುತ್ತದೆ. ಕೆಲಸದ ಸ್ಥಳದಲ್ಲಿ ಕಿರುಕುಳಕ್ಕೊಳಗಾದ ಮಹಿಳೆ ಅಲ್ಲಿನ ನೌಕರಳಾಗಿರಬೇಕೆಂದೇನೂ ಅದು ಹೇಳುವುದಿಲ್ಲ, ಹಾಗಾಗಿ ಇಂಟರ್ವ್ಯೂಗೆ ಬಂದವರೂ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಆ ಸಂಸ್ಥೆಯ ಆಂತರಿಕ ಸಮಿತಿಗೆ ಬರವಣಿಗೆಯಲ್ಲಿ ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ. ಅದೇ ದಿನ ಸಮಯ, ಕೋಣೆ, ಅಲ್ಲಿದ್ದವರು, ಆಡಿದ ಮಾತುಗಳನ್ನು ಇದ್ದ ಹಾಗೆಯೇ ಬರೆದಿಟ್ಟುಕೊಳ್ಳಿ.

ಹೊರಗೆ ಬಂದ ಮೇಲೆ

ಕಾರ್ಟಿಸೋಲ್ ತಡವಾಗಿ ಏರುವ ಹಾರ್ಮೋನು. ಒತ್ತಡ ಮುಗಿದು ಹತ್ತು ಇಪ್ಪತ್ತು ನಿಮಿಷ ಕಳೆದ ಮೇಲೆ ಅದು ತುದಿ ಮುಟ್ಟುವುದು, ಅಂದರೆ ನೀವು ಮೆಟ್ರೋದಲ್ಲಿ ಕೂತಿರುವಾಗ. ಅವರಿಗೆ ಹೇಳಬೇಕಿದ್ದ ಖಾರದ ಉತ್ತರಗಳೆಲ್ಲ ಹೊಳೆಯುವುದೂ ಆಗಲೇ. ಆ ಹೊತ್ತಿನಲ್ಲಿ ಮೇಲ್ ಬರೆಯಬೇಡಿ, ಕಂಪನಿಯ ಬಗ್ಗೆ ಆನ್‌ಲೈನ್‌ನಲ್ಲಿ ರಿವ್ಯೂ ಹಾಕಬೇಡಿ. ಸಂಜೆ ಕೂತು, ಕೇಳಿದ ಪ್ರಶ್ನೆಗಳನ್ನು ನೆನಪಿದ್ದಷ್ಟು ಬರೆದು ಹಂತ 1ರ ಪಟ್ಟಿಗೆ ಸೇರಿಸಿ. ನಿಮ್ಮ ಪಟ್ಟಿಯಲ್ಲಿಲ್ಲದ ಯಾವ ಜಾಗಕ್ಕೆ ಚುಚ್ಚಿದರೋ ಅದಕ್ಕೆ ಅಂದೇ ಮೂರು ಭಾಗದ ಉತ್ತರ ಕಟ್ಟಿಡಿ.

ಆಫರ್ ಬಂದರೆ ಒಂದು ವಿಷಯ ತಿಳಿದುಕೊಂಡೇ ಒಪ್ಪಿಕೊಳ್ಳಿ: ರೆಸ್ಯೂಮೆ ಎಸೆದವರು ಪ್ಯಾನೆಲ್‌ಗೆಂದು ಕರೆಸಿದವರೋ, ನಾಳೆ ನೀವು ರಿಪೋರ್ಟ್ ಮಾಡಬೇಕಾದ ಮ್ಯಾನೇಜರೋ. ಎಚ್‌ಆರ್‌ಗೆ ನೇರವಾಗಿ ಕೇಳಬಹುದು. ಅವರೇ ಮ್ಯಾನೇಜರ್ ಆದರೆ, ಅದೇ ಟೀಮಿನಲ್ಲಿ ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದ ಒಬ್ಬರನ್ನು ಹುಡುಕಿ ಮಾತಾಡಿ. ಎಷ್ಟು ಜನ ಬಿಟ್ಟುಹೋದರು, ತಿಂಗಳ ಕೊನೆಯ ವಾರದ ಮೀಟಿಂಗುಗಳು ಹೇಗಿರುತ್ತವೆ ಎಂದು ಕೇಳಿ. ಇಂಟರ್ವ್ಯೂನಲ್ಲಿ ನಾಟಕವಾಡಿದವರು ಯಾರು, ಅಸಲಿಗೇ ಹಾಗಿರುವವರು ಯಾರು ಎಂಬುದು ಆ ಎರಡು ಉತ್ತರಗಳಲ್ಲಿ ತಿಳಿಯುತ್ತದೆ.